ಟಿವಿಯ ಭಯ, ಬೀದಿಯ ಭಯ

ಯಾವುದಾದರೂ ಒಂದು ವಾರವನ್ನು ತೆಗೆದುಕೊಳ್ಳಿ. ಆ ವಾರದಲ್ಲಿ ನೀವು ಹೊಡೆದಾಟ, ಹಲ್ಲೆಯಂಥ ಯಾವುದೋ ಹಿಂಸೆಯಲ್ಲಿ ಸಿಲುಕುವ ಸಂಭವ ಎಷ್ಟು? ಹತ್ತರಲ್ಲಿ ಒಂದೋ, ನೂರರಲ್ಲಿ ಒಂದೋ? ಇರುವುದು ಎರಡೇ ಉತ್ತರ, ಒಂದನ್ನು ಆರಿಸಲೇಬೇಕು.

1970ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಜನರಿಗೆ ಈ ಪ್ರಶ್ನೆ ಕೇಳಿಸಿದರು. ಪೊಲೀಸ್ ದಾಖಲೆಗಳ ಪ್ರಕಾರ ನಿಜವಾದ ಸಂಭವ ನೂರರಲ್ಲಿ ಒಂದಕ್ಕಿಂತಲೂ ಬಹಳ ಕಡಿಮೆಯಿತ್ತು. ಟಿವಿ ಧಾರಾವಾಹಿಗಳ ಲೋಕದಲ್ಲಿ ಮಾತ್ರ ಅರ್ಧಕ್ಕಿಂತ ಹೆಚ್ಚು ಪಾತ್ರಗಳು ಹೊಡೆಯುತ್ತಲೋ ಹೊಡೆಸಿಕೊಳ್ಳುತ್ತಲೋ ಇದ್ದವು. ಹಾಗಾಗಿ ‘ಹತ್ತರಲ್ಲಿ ಒಂದು’ ಎಂಬ ಉತ್ತರಕ್ಕೆ ಅವರು ‘ಟಿವಿ ಉತ್ತರ’ ಎಂದು ಹೆಸರಿಟ್ಟರು. ದಿನಕ್ಕೆ ನಾಲ್ಕು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಟಿವಿ ನೋಡುವವರನ್ನು ಒಂದು ಕಡೆ, ಎರಡು ಗಂಟೆ ಅಥವಾ ಅದಕ್ಕಿಂತ ಕಡಿಮೆ ನೋಡುವವರನ್ನು ಇನ್ನೊಂದು ಕಡೆ ಇಟ್ಟು ಹೋಲಿಸಿದಾಗ, ಹೆಚ್ಚು ನೋಡುವವರಲ್ಲಿ ಟಿವಿ ಉತ್ತರ ಕೊಟ್ಟವರ ಪಾಲು ದೊಡ್ಡದಾಗಿತ್ತು. ಈ ಎರಡು ಪಾಲುಗಳ ನಡುವಿನ ಅಂತರವೇ ಕಲ್ಟಿವೇಶನ್ ಸಿದ್ಧಾಂತದ ಮೂಲ ಬಂಡವಾಳ. ಆ ಅಂತರದ ಅರ್ಥವೇನು ಎಂಬ ಜಗಳ ಐದು ದಶಕವಾದರೂ ಪೂರ್ತಿ ತೀರಿಲ್ಲ.

ಸಿದ್ಧಾಂತದ ಹಿಂದಿದ್ದವರು ಜಾರ್ಜ್ ಗರ್ಬ್ನರ್. 1919ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ, ಯುರೋಪಿನಲ್ಲಿ ಫ್ಯಾಸಿಸಂ ಬೆಳೆಯುತ್ತಿದ್ದ ಕಾಲದಲ್ಲಿ ಹಂಗೆರಿ ಬಿಟ್ಟು ಅಮೆರಿಕ ಸೇರಿದವರು. 1964ರಿಂದ ಇಪ್ಪತ್ತೈದು ವರ್ಷ ಪೆನ್ಸಿಲ್ವೇನಿಯಾದ ಅನೆನ್‌ಬರ್ಗ್ ಸಂವಹನ ಶಾಲೆಯ ಡೀನ್ ಆಗಿದ್ದರು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿಯವರ ಕೊಲೆಗಳು ನಡೆದಾಗ ಅಧ್ಯಕ್ಷ ಲಿಂಡನ್ ಜಾನ್ಸನ್ ಹಿಂಸೆಯ ಕಾರಣಗಳನ್ನು ಹುಡುಕಲು ಒಂದು ರಾಷ್ಟ್ರೀಯ ಆಯೋಗ ನೇಮಿಸಿದರು. ಟಿವಿಯಲ್ಲಿ ಎಷ್ಟು ಹಿಂಸೆ ಇದೆ ಎಂದು ಅಳೆಯುವ ಕೆಲಸ ಗರ್ಬ್ನರ್ ತಂಡಕ್ಕೆ ಬಂತು. ಆಗ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ: ಟಿವಿ ನೋಡಿ ಜನ, ಅದರಲ್ಲೂ ಮಕ್ಕಳು, ಹೊಡೆದಾಟಕ್ಕೆ ಇಳಿಯುತ್ತಾರೆಯೇ? ಗರ್ಬ್ನರ್‌ಗೆ ಈ ಪ್ರಶ್ನೆಯೇ ಸಣ್ಣದು ಅನ್ನಿಸಿತು. ಪರದೆಯ ಮೇಲಿನ ಗುಂಡಿನ ಸದ್ದು ಕೇಳಿ ಬಂದೂಕು ಹಿಡಿಯುವವರು ಸಾವಿರಕ್ಕೊಬ್ಬರು ಇರಬಹುದು. ಉಳಿದ ಒಂಬೈನೂರ ತೊಂಬತ್ತೊಂಬತ್ತು ಮಂದಿಗೆ ಏನಾಗುತ್ತದೆ? ಅವರು ಹೆದರುತ್ತಾರೆ, ಅಪರಿಚಿತರನ್ನು ನಂಬುವುದನ್ನು ಬಿಡುತ್ತಾರೆ, ಕಾಪಾಡುತ್ತೇನೆ ಎಂದು ಬರುವ ಬಲಶಾಲಿಗಳಿಗೆ ತಲೆಬಾಗುತ್ತಾರೆ ಎಂಬುದು ಅವರ ವಾದ. ಅವರ ಕಣ್ಣಿಗೆ ಟಿವಿಯ ಹಿಂಸೆ ಎಂದರೆ ಸಮಾಜದಲ್ಲಿ ಯಾರು ಹೊಡೆಯಬಹುದು, ಯಾರು ಹೊಡೆಸಿಕೊಳ್ಳಬೇಕು ಎಂದು ದಿನವೂ ಹೇಳಿಕೊಡುವ ಪಾಠ. ಫ್ಯಾಸಿಸಂ ಕಂಡು ಊರು ಬಿಟ್ಟವರು ಭಯ ಮತ್ತು ಅಧಿಕಾರದ ನಂಟನ್ನು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಕೆಲಸ ಎರಡು ಹಂತದಲ್ಲಿ ನಡೆಯಿತು. ಮೊದಲನೆಯದು ಪರದೆಯ ಎಣಿಕೆ. ವರ್ಷಕ್ಕೊಂದು ವಾರದ ಕಾರ್ಯಕ್ರಮಗಳನ್ನು, ಸಂಜೆಯ ಧಾರಾವಾಹಿಗಳು ಮತ್ತು ವಾರಾಂತ್ಯದ ಮಕ್ಕಳ ಕಾರ್ಯಕ್ರಮಗಳು ಸೇರಿದಂತೆ, ರೆಕಾರ್ಡ್ ಮಾಡಿಕೊಂಡು ತರಬೇತಿ ಪಡೆದವರು ಒಂದೊಂದೇ ದೃಶ್ಯ ನೋಡಿ ದಾಖಲಿಸುತ್ತಿದ್ದರು. ಎಷ್ಟು ಪಾತ್ರಗಳು ಹಿಂಸೆ ಮಾಡಿದವು, ಎಷ್ಟು ಪಾತ್ರಗಳು ಅನುಭವಿಸಿದವು, ಅವರಲ್ಲಿ ಹೆಂಗಸರೆಷ್ಟು, ಮುದುಕರೆಷ್ಟು, ಕರಿಯರೆಷ್ಟು ಎಂಬ ಲೆಕ್ಕ. ಈ ಹಂತದಲ್ಲೇ ಮೊದಲ ತಕರಾರು ಎದ್ದಿತು. ಸಿಬಿಎಸ್ ಕಂಪನಿಯ ಡೇವಿಡ್ ಬ್ಲ್ಯಾಂಕ್, ಈ ಎಣಿಕೆಯಲ್ಲಿ ಹಾಸ್ಯದ ಹೊಡೆತಗಳೂ ಅಪಘಾತ, ಭೂಕಂಪಗಳೂ ಸೇರಿವೆಯಲ್ಲ, ಕಾರ್ಟೂನಿನಲ್ಲಿ ಬೆಕ್ಕಿನ ತಲೆಗೆ ಬಿದ್ದ ಏಟೂ ಕೊಲೆಯೂ ಒಂದೇ ತಕ್ಕಡಿಯೇ ಎಂಬ ಧಾಟಿಯಲ್ಲಿ ಆಕ್ಷೇಪಿಸಿದರು. ಕಥೆಯಲ್ಲಿ ಯಾವುದೂ ಆಕಸ್ಮಿಕವಲ್ಲ, ಭೂಕಂಪದಲ್ಲಿ ಯಾರು ಸಾಯಬೇಕೆಂದು ಬರೆಯುವವನೇ ತೀರ್ಮಾನಿಸುತ್ತಾನೆ ಎಂಬುದು ಗರ್ಬ್ನರ್ ಕಡೆಯವರ ಉತ್ತರ. ಬ್ಲ್ಯಾಂಕ್ ಸ್ವಂತ ಲಾಭದ ಕಡೆಯಿಂದ ಮಾತಾಡುತ್ತಿದ್ದರು ಎಂಬುದು ನಿಜ. ಆದರೂ ನಗುತ್ತಾ ನೋಡಿದ ಏಟು ನೋಡುವವನ ಮನಸ್ಸಿನಲ್ಲಿ ಭಯವಾಗಿಯೇ ಕೂರುತ್ತದೆ ಎಂಬುದನ್ನು ಎಣಿಕೆಯೊಂದೇ ಸಾಬೀತು ಮಾಡಲಾರದು.

ಎರಡನೆಯ ಹಂತ ಜನರ ಬಳಿ ಹೋಗುವುದು. ಶಿಕಾಗೊದ ರಾಷ್ಟ್ರೀಯ ಅಭಿಪ್ರಾಯ ಸಂಶೋಧನಾ ಕೇಂದ್ರವು ನಡೆಸುತ್ತಿದ್ದ ‘ಜನರಲ್ ಸೋಶಿಯಲ್ ಸರ್ವೆ’ ಎಂಬ ಸಮೀಕ್ಷೆ ಇದಕ್ಕೆ ಒದಗಿತು. ದೇಶದ ಎಲ್ಲೆಡೆಯಿಂದ ಆಯ್ದ ವಯಸ್ಕರಿಗೆ ನೂರಾರು ಪ್ರಶ್ನೆ ಕೇಳುವ ದೊಡ್ಡ ಸಮೀಕ್ಷೆ ಅದು. 1975ರಿಂದ ಅದರಲ್ಲಿ ದಿನಕ್ಕೆ ಎಷ್ಟು ಗಂಟೆ ಟಿವಿ ನೋಡುತ್ತೀರಿ ಎಂಬ ಪ್ರಶ್ನೆಯೂ ಇತ್ತು. ಜೊತೆಗೆ ಜನರ ನಂಬಿಕೆಯನ್ನು ಅಳೆಯುವ ಮೂರು ಪ್ರಶ್ನೆಗಳಿದ್ದವು: ಹೆಚ್ಚಿನವರನ್ನು ನಂಬಬಹುದೋ, ಎಚ್ಚರದಿಂದಿರಬೇಕೋ? ಜನ ಪರರಿಗೆ ನೆರವಾಗಲು ನೋಡುತ್ತಾರೋ, ತಮ್ಮದನ್ನಷ್ಟೇ ನೋಡಿಕೊಳ್ಳುತ್ತಾರೋ? ಅವಕಾಶ ಸಿಕ್ಕರೆ ನಿಮ್ಮನ್ನು ಬಳಸಿಕೊಳ್ಳುತ್ತಾರೋ, ನ್ಯಾಯವಾಗಿ ನಡೆದುಕೊಳ್ಳುತ್ತಾರೋ? ಗರ್ಬ್ನರ್ ತಂಡ ಈ ಮೂರನ್ನು ಸೇರಿಸಿ ‘ಮೀನ್ ವರ್ಲ್ಡ್’ ಸೂಚ್ಯಂಕ, ಅಂದರೆ ಲೋಕ ಎಷ್ಟು ಕೆಟ್ಟದ್ದು ಎಂದು ಜನ ಭಾವಿಸುತ್ತಾರೆ ಎಂಬ ಅಳತೆಗೋಲು, ಮಾಡಿಕೊಂಡಿತು. ನಿಮ್ಮ ಮನೆಯಿಂದ ಒಂದು ಮೈಲಿಯೊಳಗೆ ರಾತ್ರಿ ಒಬ್ಬರೇ ನಡೆಯಲು ಹೆದರುವ ಜಾಗವಿದೆಯೇ ಎಂಬ ಪ್ರಶ್ನೆಯೂ ಅದೇ ಸಮೀಕ್ಷೆಯಲ್ಲಿತ್ತು. ಹೆಚ್ಚು ಟಿವಿ ನೋಡುವವರು ಹೆಚ್ಚು ಹೆದರುತ್ತಾರೆ, ಕಡಿಮೆ ನಂಬುತ್ತಾರೆ ಎಂಬ ಚಿತ್ರ ಮೂಡಿತು. 1976ರಲ್ಲಿ ಗರ್ಬ್ನರ್ ಮತ್ತು ಲ್ಯಾರಿ ಗ್ರಾಸ್ ಬರೆದ ಪ್ರಬಂಧದಿಂದ ಈ ವಿಚಾರ ಎಲ್ಲೆಡೆ ಹರಡಿತು.

ಈ ಅಂತರ ಸುಳ್ಳಲ್ಲ. ಸಮೀಕ್ಷೆಯ ಅಂಕಿಗಳನ್ನು ಯಾರು ಕೂಡಿಸಿದರೂ ಅದು ಕಾಣಿಸುತ್ತಿತ್ತು. ಅದನ್ನು ಹುಟ್ಟಿಸಿದ್ದು ಟಿವಿಯೇ ಎಂಬುದರಲ್ಲಿ ಮಾತ್ರ ತೊಡಕಿತ್ತು.

ದಿನಕ್ಕೆ ಆರು ಗಂಟೆ ಟಿವಿ ಮುಂದೆ ಕೂರುವವರು ಯಾರು ಎಂದು ಯೋಚಿಸಿ. ಕೆಲಸಕ್ಕೆ ಹೋಗುವವರಿಗೆ ಅಷ್ಟು ಹೊತ್ತು ಎಲ್ಲಿಂದ ಬರಬೇಕು? ವಯಸ್ಸಾದವರು, ಕೆಲಸವಿಲ್ಲದವರು, ಮನೆಯಲ್ಲೇ ಇರುವ ಹೆಂಗಸರು, ಹೊರಗೆ ಹೋಗಿ ಖರ್ಚು ಮಾಡಲು ದುಡ್ಡಿಲ್ಲದವರು ಆ ಗುಂಪಿನಲ್ಲಿ ಹೆಚ್ಚು. ಹೆಂಗಸರು ರಾತ್ರಿ ಒಬ್ಬರೇ ನಡೆಯಲು ಗಂಡಸರಿಗಿಂತ ಹೆಚ್ಚು ಹೆದರುತ್ತಾರೆ ಎಂದು ಎಲ್ಲ ಸಮೀಕ್ಷೆಗಳೂ ಹೇಳುತ್ತವೆ. ಅದಕ್ಕೆ ಟಿವಿಯ ಸಹಾಯ ಬೇಕಿಲ್ಲ. ಬಡವರ ಕೇರಿಗಳಲ್ಲಿ ಕಳ್ಳತನ, ಸುಲಿಗೆ ನಿಜಕ್ಕೂ ಹೆಚ್ಚಿದ್ದರೆ ಅಲ್ಲಿಯವರು ಹೆದರುವುದು ಅನುಭವದಿಂದ. ಹಾಗಿದ್ದರೆ ಟಿವಿಯ ಗಂಟೆಗಳೂ ಭಯವೂ ಒಂದೇ ಮೂಲದಿಂದ ಹೊರಟು ಜೊತೆಜೊತೆಯಾಗಿ ಕಾಣಿಸುತ್ತಿರಬಹುದು, ಒಂದು ಇನ್ನೊಂದಕ್ಕೆ ಕಾರಣವಾಗಿರಬೇಕಿಲ್ಲ.

ಇದನ್ನು ನೇರವಾಗಿ ಪರೀಕ್ಷಿಸಿದವರು ಟೊರಾಂಟೊ ವಿಶ್ವವಿದ್ಯಾಲಯದ ಆಂಥೊನಿ ಡೂಬ್ ಮತ್ತು ಗ್ಲೆನ್ ಮ್ಯಾಕ್‌ಡೊನಾಲ್ಡ್. 1979ರಲ್ಲಿ ಪ್ರಕಟವಾದ ಅವರ ಅಧ್ಯಯನದ ಉಪಾಯ ಸರಳವಾದದ್ದು. ಪೊಲೀಸ್ ಅಂಕಿಅಂಶ ಹಿಡಿದು ಟೊರಾಂಟೊದಲ್ಲಿ ನಾಲ್ಕು ಪ್ರದೇಶಗಳನ್ನು ಆರಿಸಿಕೊಂಡರು: ನಗರದೊಳಗೆ ಅಪರಾಧ ಹೆಚ್ಚಿರುವ ಒಂದು, ಕಡಿಮೆ ಇರುವ ಒಂದು, ಹೊರವಲಯದಲ್ಲೂ ಹಾಗೆಯೇ ಒಂದೊಂದು. ಮನೆಮನೆಗೆ ಹೋಗಿ ಟಿವಿ ವೀಕ್ಷಣೆಯ ಬಗ್ಗೆಯೂ ಭಯದ ಬಗ್ಗೆಯೂ ಕೇಳಿದರು. ನಾಲ್ಕೂ ಕಡೆಯ ಉತ್ತರಗಳನ್ನು ಒಟ್ಟುಗೂಡಿಸಿದಾಗ ಗರ್ಬ್ನರ್ ಹೇಳಿದ ಸಂಬಂಧ ಕಾಣಿಸಿತು. ಪ್ರತಿ ಪ್ರದೇಶವನ್ನೂ ಬೇರೆಬೇರೆಯಾಗಿ ನೋಡಿ ಸರಾಸರಿ ತೆಗೆದಾಗ ಅದು ಹೆಚ್ಚುಕಡಿಮೆ ಮಾಯವಾಯಿತು. ಅಪರಾಧ ಹೆಚ್ಚಿರುವ ಕಡೆಯವರು ಹೆಚ್ಚು ಟಿವಿಯನ್ನೂ ನೋಡುತ್ತಿದ್ದರು, ಹೆಚ್ಚು ಹೆದರುತ್ತಲೂ ಇದ್ದರು.

ಒಟ್ಟಿಗೆ ಕಂಡದ್ದು ಬಿಡಿಸಿದರೆ ಮಾಯವಾಗುವುದು ಹೇಗೆ? ನಾನೇ ಕಟ್ಟಿದ ಸಣ್ಣ ಲೆಕ್ಕವೊಂದರಲ್ಲಿ ನೋಡೋಣ. ಇವು ಟೊರಾಂಟೊದ ಅಂಕಿಗಳಲ್ಲ. ಎರಡು ಬಡಾವಣೆಗಳಿವೆ, ಒಂದೊಂದರಲ್ಲೂ ನೂರು ಮಂದಿ. ಮೊದಲನೆಯದರಲ್ಲಿ ಅಪರಾಧ ಜಾಸ್ತಿ. ಅಲ್ಲಿ 70 ಮಂದಿ ಹೆಚ್ಚು ಟಿವಿ ನೋಡುವವರು, 30 ಮಂದಿ ಕಡಿಮೆ ನೋಡುವವರು. ಎರಡು ಗುಂಪಿನಲ್ಲೂ ಭಯಪಡುವವರು ನೂರಕ್ಕೆ ಅರವತ್ತು, ಅಂದರೆ ಕ್ರಮವಾಗಿ 42 ಮತ್ತು 18 ಜನ. ಎರಡನೆಯ ಬಡಾವಣೆ ಶಾಂತವಾದದ್ದು. ಅಲ್ಲಿ ಹೆಚ್ಚು ನೋಡುವವರು 30, ಕಡಿಮೆ ನೋಡುವವರು 70. ಭಯಪಡುವವರು ಎರಡು ಗುಂಪಿನಲ್ಲೂ ನೂರಕ್ಕೆ ಇಪ್ಪತ್ತು, ಅಂದರೆ 6 ಮತ್ತು 14 ಜನ. ಯಾವ ಬಡಾವಣೆಯಲ್ಲೂ ಟಿವಿಯಿಂದ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಈಗ ಎರಡನ್ನೂ ಕೂಡಿಸಿ. ಹೆಚ್ಚು ಟಿವಿ ನೋಡುವ ನೂರು ಮಂದಿಯಲ್ಲಿ ಹೆದರುವವರು 48. ಕಡಿಮೆ ನೋಡುವ ನೂರು ಮಂದಿಯಲ್ಲಿ 32. ಪತ್ರಿಕೆಗೆ ತಲೆಬರಹ ಸಿದ್ಧ!

ಗರ್ಬ್ನರ್ ತಂಡಕ್ಕೆ ಈ ಅಪಾಯ ಗೊತ್ತಿರಲಿಲ್ಲ ಎನ್ನಲಾಗದು. ಅವರೂ ಗಂಡಸರನ್ನು ಬೇರೆ, ಹೆಂಗಸರನ್ನು ಬೇರೆ ಮಾಡಿ ನೋಡಿದ್ದರು. ವಯಸ್ಸಿನ ಪ್ರಕಾರ ವಿಂಗಡಿಸಿ ನೋಡಿದ್ದರು. ಓದಿನ ಪ್ರಕಾರವೂ ನೋಡಿದ್ದರು. ಪ್ರತಿ ಸಲವೂ ಅಂತರ ಉಳಿದಿತ್ತು. ಆದರೆ ಅವರು ನೋಡಿದ್ದು ಒಂದು ಸಲಕ್ಕೆ ಒಂದೇ ಅಂಶವನ್ನು. ಹೆಂಗಸರನ್ನಷ್ಟೇ ತೆಗೆದುಕೊಂಡರೂ ಅವರಲ್ಲಿ ಕೆಲಸಕ್ಕೆ ಹೋಗುವ ಯುವತಿಯೂ ಇದ್ದಾಳೆ, ದೊಡ್ಡ ನಗರದ ಹಳೆಯ ಕೇರಿಯಲ್ಲಿ ಒಂಟಿಯಾಗಿರುವ ಅಜ್ಜಿಯೂ ಇದ್ದಾಳೆ. ಇಬ್ಬರ ಟಿವಿ ಗಂಟೆಗಳೂ ಭಯವೂ ಬೇರೆಯಾಗಿರಲು ಲಿಂಗದಾಚೆಗೆ ಹತ್ತು ಕಾರಣಗಳುಂಟು. 1980ರಲ್ಲಿ ಸಮಾಜಶಾಸ್ತ್ರಜ್ಞ ಮೈಕೆಲ್ ಹ್ಯೂಸ್ ಅದೇ ಸಮೀಕ್ಷೆಯ ಅಂಕಿಗಳನ್ನು ತೆಗೆದುಕೊಂಡು, ವಯಸ್ಸು, ಲಿಂಗ, ಜನಾಂಗ, ಆದಾಯ, ಓದು, ಊರಿನ ಗಾತ್ರ ಮಾತ್ರವಲ್ಲ, ವಾರಕ್ಕೆ ಎಷ್ಟು ಗಂಟೆ ದುಡಿಯುತ್ತಾರೆ, ಚರ್ಚಿಗೆ ಹೋಗುತ್ತಾರೆಯೇ, ಸಂಘಸಂಸ್ಥೆಗಳಲ್ಲಿ ಸದಸ್ಯರೇ ಎಂಬುದನ್ನೂ ಸೇರಿಸಿ ಎಲ್ಲವನ್ನೂ ಒಟ್ಟಿಗೇ ಸರಿದೂಗಿಸಿ ನೋಡಿದರು. ಗರ್ಬ್ನರ್ ತಂಡ ತೋರಿಸಿದ್ದ ಸಂಬಂಧಗಳಲ್ಲಿ ಬಹುಪಾಲು ಕರಗಿಹೋದವು.

ಅದೇ ವರ್ಷ ಶಿಕಾಗೊ ವಿಶ್ವವಿದ್ಯಾಲಯದ ಪಾಲ್ ಹಿರ್ಶ್ ಇನ್ನೂ ಚುರುಕಾದ ಪ್ರಶ್ನೆಯೊಂದನ್ನು ಎತ್ತಿದರು. ಗರ್ಬ್ನರ್ ‘ಕಡಿಮೆ ನೋಡುವವರು’ ಎಂದು ಒಂದೇ ಗಂಟು ಕಟ್ಟಿದ್ದರಲ್ಲಿ ದಿನಕ್ಕೆ ಎರಡು ಗಂಟೆ ನೋಡುವವರೂ ಇದ್ದರು, ಟಿವಿಯನ್ನು ನೋಡದೆಯೇ ಇರುವವರೂ ಇದ್ದರು. ಇನ್ನೊಂದು ತುದಿಯ ಗಂಟಿನಲ್ಲಿ ನಾಲ್ಕು ಗಂಟೆಯವರೂ ಎಂಟು ಗಂಟೆ ಮೀರಿದವರೂ ಒಟ್ಟಿಗಿದ್ದರು. ಹಿರ್ಶ್ ಈ ಗಂಟುಗಳನ್ನು ಬಿಚ್ಚಿದರು. ಟಿವಿ ಭಯವನ್ನು ಬಿತ್ತುವುದು ನಿಜವಾದರೆ ಅದನ್ನು ನೋಡದವರು ಎಲ್ಲರಿಗಿಂತ ನಿರಾಳವಾಗಿರಬೇಕು, ಎಂಟು ಗಂಟೆಯವರು ಎಲ್ಲರಿಗಿಂತ ಹೆದರಿರಬೇಕು. ಅಂಕಿಗಳು ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಏರಲಿಲ್ಲ. ಹಲವು ಪ್ರಶ್ನೆಗಳಲ್ಲಿ ಟಿವಿ ನೋಡದವರು ಕಡಿಮೆ ನೋಡುವವರಿಗಿಂತ ಹೆಚ್ಚು ಅಂಜಿದ, ಹೆಚ್ಚು ಅಪನಂಬಿಕೆಯ ಉತ್ತರ ಕೊಟ್ಟರು. ಅತಿಯಾಗಿ ನೋಡುವವರು ಹೆಚ್ಚು ನೋಡುವವರಿಗಿಂತ ಕಡಿಮೆ ಅಂಜಿದರು. ಟಿವಿ ನೋಡದವರ ‘ಭಯಾನಕ ಲೋಕ’ ಎಂಬ ಚುಚ್ಚುಮಾತನ್ನು ಹಿರ್ಶ್ ತಮ್ಮ ಲೇಖನದ ಶೀರ್ಷಿಕೆಯಲ್ಲೇ ಇಟ್ಟರು. ಮರುವರ್ಷ ಗರ್ಬ್ನರ್ ತಂಡ ಪಾಲ್ ಹಿರ್ಶ್‌ರ ಭಯಾನಕ ಲೋಕಕ್ಕೊಂದು ಯಾತ್ರೆ ಎಂಬರ್ಥದ ಶೀರ್ಷಿಕೆಯಲ್ಲಿ ಉತ್ತರಿಸಿತು. ಪಂಡಿತರ ಜಗಳಕ್ಕೂ ಒಂದು ರುಚಿಯಿರುತ್ತದೆ.

ಗರ್ಬ್ನರ್ ಕಡೆಯ ಉತ್ತರದಲ್ಲಿ ಹುರುಳಿರಲಿಲ್ಲ ಎನ್ನುವಂತಿಲ್ಲ. ಟಿವಿ ನೋಡದವರೂ ಅತಿಯಾಗಿ ನೋಡುವವರೂ ಸಮೀಕ್ಷೆಯಲ್ಲಿ ಬಹಳ ಸಣ್ಣ ಗುಂಪುಗಳು. ಆ ಕಾಲದ ಅಮೆರಿಕದಲ್ಲಿ ಟಿವಿಯನ್ನೇ ನೋಡದವರೆಂದರೆ ವಿಲಕ್ಷಣ ಜನವೇ ಇರಬೇಕು. ಅಂಥ ಕೆಲವರ ಉತ್ತರದಿಂದ ಇಡೀ ವಾದ ಉರುಳುವುದಿಲ್ಲ ಎಂದರು. ಸರಿ, ಆದರೆ ವಿಲಕ್ಷಣರಾದ ಆ ಕೆಲವರನ್ನು ಮೊದಲು ತಾವೇ ‘ಕಡಿಮೆ ನೋಡುವವರು’ ಎಂಬ ಗಂಟಿನಲ್ಲಿ ಸೇರಿಸಿಕೊಂಡಿದ್ದರಲ್ಲ.

ಟೀಕೆಗಳ ಒತ್ತಡದಲ್ಲಿ 1980ರಲ್ಲಿ ಸಿದ್ಧಾಂತ ಹೊಸ ರೂಪ ತಾಳಿತು. ಟಿವಿ ಎಲ್ಲರ ಮೇಲೂ ಒಂದೇ ರೀತಿ ಕೆಲಸ ಮಾಡುವುದಿಲ್ಲ ಎಂದು ಒಪ್ಪಿಕೊಂಡ ಗರ್ಬ್ನರ್, ಗ್ರಾಸ್, ಮೈಕೆಲ್ ಮಾರ್ಗನ್ ಮತ್ತು ನ್ಯಾನ್ಸಿ ಸಿನ್ಯೊರೆಲ್ಲಿ ಎರಡು ವಿಚಾರಗಳನ್ನು ಮುಂದಿಟ್ಟರು. ಮೊದಲನೆಯದಕ್ಕೆ ‘ಮೇನ್‌ಸ್ಟ್ರೀಮಿಂಗ್’ ಎಂದು ಹೆಸರು. ಬೇರೆಬೇರೆ ಹಿನ್ನೆಲೆಯವರು ಸಹಜವಾಗಿ ಬೇರೆಬೇರೆ ಯೋಚಿಸುತ್ತಾರೆ, ಹೆಚ್ಚು ಟಿವಿ ನೋಡುವವರಲ್ಲಿ ಮಾತ್ರ ಆ ವ್ಯತ್ಯಾಸ ಅಳಿಸಿ ಎಲ್ಲರೂ ಒಂದೇ ನಡುಹೊಳೆಗೆ ಬರುತ್ತಾರೆ ಎಂಬುದು ಅದರ ಸಾರ. ಅಪರಾಧದ ಭಯ ನಿಮಗೆ ದೊಡ್ಡ ಸಮಸ್ಯೆಯೇ ಎಂಬ ಪ್ರಶ್ನೆಗೆ ಬಡವರು ಟಿವಿ ಎಷ್ಟೇ ನೋಡಲಿ, ಹೌದು ಎನ್ನುತ್ತಿದ್ದರು. ಅನುಕೂಲಸ್ಥರಲ್ಲಿ ಕಡಿಮೆ ನೋಡುವವರು ಇಲ್ಲ ಎಂದರೆ, ಹೆಚ್ಚು ನೋಡುವವರು ಬಡವರ ಉತ್ತರದ ಕಡೆಗೆ ವಾಲುತ್ತಿದ್ದರು. ಎರಡನೆಯದು ‘ರೆಸೊನೆನ್ಸ್’. ಬೀದಿಯಲ್ಲಿ ಕಂಡದ್ದೇ ಪರದೆಯ ಮೇಲೂ ಕಂಡರೆ ಪರಿಣಾಮ ಇಮ್ಮಡಿಯಾಗುತ್ತದೆ ಎಂಬ ಮಾತು. ಟೊರಾಂಟೊದ ನಾಲ್ಕು ಪ್ರದೇಶಗಳಲ್ಲಿ ಮೂರರಲ್ಲಿ ಸಂಬಂಧ ಇಲ್ಲವಾಗಿದ್ದರೂ ನಗರದೊಳಗಿನ ಅಪರಾಧ ಹೆಚ್ಚಿರುವ ಕಡೆ ಒಂದಷ್ಟು ಉಳಿದಿತ್ತು. ಅದನ್ನೇ ಹಿಡಿದು, ನೋಡಿ, ಇದೇ ರೆಸೊನೆನ್ಸ್ ಎಂದರು.

ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ತೊಡಕು ಗೊತ್ತಾಗುತ್ತದೆ. ನಿಜವಾದ ಅಪಾಯದ ನಡುವೆ ಬದುಕುವವರಲ್ಲಿ ಟಿವಿಯಿಂದ ವ್ಯತ್ಯಾಸ ಕಾಣದೆ, ಸುರಕ್ಷಿತರಲ್ಲಿ ಕಂಡರೆ ಅದು ಮೇನ್‌ಸ್ಟ್ರೀಮಿಂಗ್. ಅಪಾಯದ ನಡುವೆ ಇರುವವರಲ್ಲಿ ಕಂಡು, ಸುರಕ್ಷಿತರಲ್ಲಿ ಕಾಣದಿದ್ದರೆ ಅದು ರೆಸೊನೆನ್ಸ್. ಇಬ್ಬರಲ್ಲೂ ಕಂಡರೆ ಮೂಲ ಸಿದ್ಧಾಂತವೇ ಇದೆ. ಹಾಗಾದರೆ ಯಾವ ಫಲಿತಾಂಶ ಬಂದರೆ ಸಿದ್ಧಾಂತ ಸೋತಂತೆ? ಯಾವ ಗುಂಪಿನಲ್ಲಿ ಯಾವುದು ಕಾಣಬೇಕೆಂದು ಮೊದಲೇ ಹೇಳದೆ, ಅಂಕಿ ಬಂದ ಮೇಲೆ ಹೆಸರಿಡುವುದಾದರೆ ಅದು ವಿವರಣೆಯೇ ಹೊರತು ಪರೀಕ್ಷೆಯಲ್ಲ ಎಂದು ಹಿರ್ಶ್ ಪಟ್ಟು ಹಿಡಿದರು. ಇಡೀ ವಾಗ್ವಾದದಲ್ಲಿ ನನಗೆ ಅತಿ ಭಾರವಾಗಿ ಕಾಣುವ ಟೀಕೆ ಇದೇ. ಅಂಕಿಯ ತಪ್ಪನ್ನು ಇನ್ನೊಂದು ಅಂಕಿಯಿಂದ ತಿದ್ದಬಹುದು. ಸೋಲುವ ದಾರಿಯನ್ನೇ ಮುಚ್ಚಿಕೊಂಡ ಸಿದ್ಧಾಂತಕ್ಕೆ ಗೆದ್ದೆ ಎನ್ನುವ ಹಕ್ಕೂ ಇರುವುದಿಲ್ಲ.

ಅಟ್ಲಾಂಟಿಕ್‌ನ ಆಚೆ ದಡದಿಂದಲೂ ಆಕ್ಷೇಪ ಬಂದಿತ್ತು. 1978ರಲ್ಲಿ ಬ್ರಿಟನ್ನಿನ ಮ್ಯಾಲರಿ ವೋಬರ್ ಅಲ್ಲಿಯ ವೀಕ್ಷಕರಲ್ಲಿ ಹುಡುಕಿದರೆ ಈ ಸಂಬಂಧ ಸಿಗಲೇ ಇಲ್ಲ. ಬ್ರಿಟಿಷ್ ಟಿವಿಯಲ್ಲಿ ಹಿಂಸೆ ಕಡಿಮೆ ಎಂಬುದು ಅದಕ್ಕೆ ಸಿಕ್ಕ ಒಂದು ಸಮಜಾಯಿಷಿ, ಅದು ನ್ಯಾಯವಾದದ್ದೇ. ಆದರೆ ಅಲ್ಲಿಗೆ ‘ಟಿವಿ’ ಎಂಬ ಒಂದೇ ವಸ್ತು ಇಲ್ಲವೆಂದಾಯಿತು. ಗರ್ಬ್ನರ್ ಅಧ್ಯಯನ ಮಾಡಿದ್ದು ಎಬಿಸಿ, ಸಿಬಿಎಸ್, ಎನ್‌ಬಿಸಿ ಎಂಬ ಮೂರೇ ಜಾಲಗಳು ಇಡೀ ದೇಶದ ಸಂಜೆಯನ್ನು ಹಂಚಿಕೊಂಡಿದ್ದ ಕಾಲವನ್ನು. ಯಾವ ಚಾನೆಲ್ ಹಾಕಿದರೂ ಒಂದೇ ಬಗೆಯ ಕಥೆ ಸಿಗುತ್ತಿತ್ತಾದ್ದರಿಂದ ಏನು ನೋಡುತ್ತೀರಿ ಎಂದು ಕೇಳಬೇಕಿಲ್ಲ, ಎಷ್ಟು ಹೊತ್ತು ನೋಡುತ್ತೀರಿ ಎಂದರೆ ಸಾಕು ಎಂಬುದು ಅವರ ನಂಬಿಕೆ. ಇದನ್ನು ಒರೆಗೆ ಹಚ್ಚಿದ ರಾಬರ್ಟ್ ಹಾಕಿನ್ಸ್ ಮತ್ತು ಸುಝಾನ್ ಪಿಂಗ್ರಿ, ಆಸ್ಟ್ರೇಲಿಯಾದ ಶಾಲಾಮಕ್ಕಳಲ್ಲಿ ಒಟ್ಟು ಗಂಟೆಗಳಿಗಿಂತ ಅಪರಾಧದ ಧಾರಾವಾಹಿಯಂಥ ಕೆಲವು ಬಗೆಯ ಕಾರ್ಯಕ್ರಮಗಳಿಗೇ ಸಂಬಂಧ ಅಂಟಿಕೊಂಡಿರುವುದನ್ನು ಕಂಡರು. ಹಗಲೆಲ್ಲ ಅಡುಗೆ ಕಾರ್ಯಕ್ರಮ, ಸಂಜೆ ಅತ್ತೆಸೊಸೆಯರ ಧಾರಾವಾಹಿ ನೋಡುವ ನಮ್ಮ ಮನೆಗಳಿಗೂ ರಾತ್ರಿ ಅಪರಾಧ ಸುದ್ದಿಯ ಕಾರ್ಯಕ್ರಮ ತಪ್ಪಿಸದ ಮನೆಗಳಿಗೂ ಒಂದೇ ಅಳತೆ ಹಿಡಿದರೆ ಏನು ಸಿಕ್ಕೀತು? ಅಮೆರಿಕದ ಅಂಕಿಯನ್ನು ಇಲ್ಲಿಗೆ ಎತ್ತಿ ತಂದು ಭಾಷಣ ಮಾಡುವವರು ಈ ವಿವರವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಇನ್ನು ಕಾರಣ ಯಾವುದು, ಪರಿಣಾಮ ಯಾವುದು ಎಂಬ ಪ್ರಶ್ನೆ. ಹೆದರುವವರು ಸಂಜೆ ಬಾಗಿಲು ಹಾಕಿಕೊಂಡು ಮನೆಯಲ್ಲೇ ಉಳಿಯುತ್ತಾರೆ. ಮನೆಯಲ್ಲಿ ಉಳಿದವರು ಟಿವಿ ನೋಡುತ್ತಾರೆ. ಅಷ್ಟೇ ಅಲ್ಲ, ಅವರು ಅಪರಾಧದ ಕಥೆಗಳನ್ನೇ ಹುಡುಕಿಕೊಂಡು ಹೋಗಬಹುದು ಎಂದು ಡಾಲ್ಫ್ ಝಿಲ್‌ಮನ್ ಮತ್ತು ಜೇಕಬ್ ವಾಕ್‌ಶ್ಲಾಗ್ ವಾದಿಸಿದರು. ಅಂಥ ಕಥೆಗಳಲ್ಲಿ ಕೊನೆಗೆ ಕಳ್ಳ ಸಿಕ್ಕಿಬೀಳುತ್ತಾನೆ, ನ್ಯಾಯ ಸಿಗುತ್ತದೆ. ಭಯಗೊಂಡ ಮನಸ್ಸಿಗೆ ಬೇಕಾದ ಸಮಾಧಾನ ಅದು. ಒಮ್ಮೆ ಮಾತ್ರ ಪ್ರಶ್ನೆ ಕೇಳಿ ಬರುವ ಸಮೀಕ್ಷೆಗೆ ಈ ಎರಡು ದಿಕ್ಕುಗಳಲ್ಲಿ ಯಾವುದು ನಿಜ ಎಂದು ಹೇಳುವ ಶಕ್ತಿಯಿಲ್ಲ.

ಇಷ್ಟೆಲ್ಲ ಕಳೆದ ಮೇಲೆ ಉಳಿಯುವುದೆಷ್ಟು? 1997ರಲ್ಲಿ ಮಾರ್ಗನ್ ಮತ್ತು ಜೇಮ್ಸ್ ಶನಹನ್ ಎರಡು ದಶಕಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಇಬ್ಬರೂ ಸಿದ್ಧಾಂತದ ಪರವಾಗಿರುವವರು. ಟಿವಿ ವೀಕ್ಷಣೆಗೂ ಟಿವಿ ಉತ್ತರಗಳಿಗೂ ಇರುವ ಸರಾಸರಿ ಸಂಬಂಧ 0.09 ಎಂದು ಬಂತು. ಸೊನ್ನೆ ಎಂದರೆ ಸಂಬಂಧವೇ ಇಲ್ಲ, ಒಂದು ಎಂದರೆ ಪೂರ್ಣ ಸಂಬಂಧ ಎಂಬ ಅಳತೆಯಿದು. ಇದರ ವರ್ಗ ತೆಗೆದರೆ ನೂರಕ್ಕೆ ಒಂದೂ ಆಗುವುದಿಲ್ಲ. ಅಂದರೆ ಜನರ ಉತ್ತರಗಳಲ್ಲಿ ಕಾಣುವ ವ್ಯತ್ಯಾಸದಲ್ಲಿ ಟಿವಿ ಗಂಟೆಗಳ ಜೊತೆ ಹೊಂದಿಕೊಂಡು ಬದಲಾಗುವುದು ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. 2021ರಲ್ಲಿ ಐದು ದಶಕಗಳ ಅಧ್ಯಯನಗಳನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿದಾಗಲೂ ಸಂಖ್ಯೆ 0.1ರ ಆಸುಪಾಸಿನಲ್ಲೇ ನಿಂತಿತು. ಮೂರು ಜಾಲಗಳ ಕಾಲ ಹೋಗಿ ನೂರಾರು ಚಾನೆಲ್‌ಗಳು ಬಂದರೂ ಅದು ಅಲ್ಲಾಡಿಲ್ಲ ಎಂಬುದು ನಿಜಕ್ಕೂ ಕುತೂಹಲದ ಸಂಗತಿ. ಸಣ್ಣದಾದರೂ ನಿರಂತರವಾದದ್ದು ಎಂದು ಪರವಾದಿಗಳು ಇದನ್ನೇ ಹೆಮ್ಮೆಯಿಂದ ಎತ್ತಿ ತೋರಿಸುತ್ತಾರೆ. ಭೂಮಿಯ ಸರಾಸರಿ ಉಷ್ಣತೆಯಲ್ಲಿ ಕೆಲವೇ ಡಿಗ್ರಿ ಇಳಿದರೆ ಹಿಮಯುಗ ಬರುತ್ತದೆ ಎಂದು ಗರ್ಬ್ನರ್ ನೆನಪಿಸುತ್ತಿದ್ದರು. ಟಿವಿಯಿಂದ ಪೂರ್ತಿ ದೂರ ಇರುವವರೇ ಸಿಗದ ಸಮಾಜದಲ್ಲಿ ಕಡಿಮೆ ನೋಡುವವರೂ ಅದರ ಗಾಳಿಯಲ್ಲೇ ಉಸಿರಾಡುತ್ತಾರೆ. ಹಾಗಾಗಿ ಹೆಚ್ಚುಕಡಿಮೆಯವರ ನಡುವಿನ ಅಂತರ ನಿಜವಾದ ಪರಿಣಾಮಕ್ಕಿಂತ ಚಿಕ್ಕದಾಗಿಯೇ ಕಾಣುತ್ತದೆ ಎಂದೂ ಹೇಳುತ್ತಿದ್ದರು. ವಾದ ಜಾಣತನದ್ದು. ಆದರೆ ಹೋಲಿಸಲು ಟಿವಿಯಿಲ್ಲದ ಜನರೇ ಇಲ್ಲವೆಂದ ಮೇಲೆ ಆ ದೊಡ್ಡ ಪರಿಣಾಮವನ್ನು ತೋರಿಸುವುದಾದರೂ ಹೇಗೆ?

ನಂತರದ ತಲೆಮಾರಿನಲ್ಲಿ ಈ ಜಗಳವನ್ನು ಬೇರೆ ಬಾಗಿಲಿನಿಂದ ಹೊಕ್ಕವರು ಎಲ್. ಜೆ. ಶ್ರಮ್. ಅವರು ಕೇಳಿದ್ದು, ‘ಹತ್ತರಲ್ಲಿ ಒಂದು’ ಎನ್ನುವವನ ತಲೆಯೊಳಗೆ ಆ ಕ್ಷಣ ಏನು ನಡೆಯುತ್ತದೆ ಎಂದು. ಯಾರೂ ಕುಳಿತು ಪೊಲೀಸ್ ಅಂಕಿ ಲೆಕ್ಕ ಹಾಕುವುದಿಲ್ಲ. ಥಟ್ಟನೆ ನೆನಪಿಗೆ ಬರುವ ಉದಾಹರಣೆಗಳನ್ನು ನೋಡಿ, ಸುಲಭವಾಗಿ ನೆನಪಾದರೆ ಅದು ಹೆಚ್ಚು ನಡೆಯುತ್ತದೆ ಎಂದುಕೊಳ್ಳುತ್ತೇವೆ. ಹೆಚ್ಚು ಟಿವಿ ನೋಡುವವನಿಗೆ ಥಟ್ಟನೆ ಸಿಗುವುದು ಟಿವಿಯ ಕೊಲೆ, ಟಿವಿಯ ವಕೀಲ, ಟಿವಿಯ ಪೊಲೀಸ್. ಇದು ನಿಜವಾದರೆ ಉತ್ತರಿಸುವ ಮೊದಲು ಟಿವಿಯ ನೆನಪು ಮಾಡಿಕೊಟ್ಟರೆ ಅವನು ಆ ಉದಾಹರಣೆಗಳನ್ನು ಬದಿಗಿಡಬೇಕು. 1998ರ ಅಧ್ಯಯನದಲ್ಲಿ ಶ್ರಮ್ ಮತ್ತು ಸಂಗಡಿಗರು ಹಾಗೆಯೇ ಮಾಡಿದರು. ಎಷ್ಟು ಟಿವಿ ನೋಡುತ್ತೀರಿ ಎಂಬುದನ್ನು ಮೊದಲು ಕೇಳಿ, ಆಮೇಲೆ ಅಪರಾಧದ ಅಂದಾಜು ಕೇಳಿದರೆ ಹೆಚ್ಚು ನೋಡುವವರ ಮತ್ತು ಕಡಿಮೆ ನೋಡುವವರ ಅಂತರ ಇಲ್ಲವಾಯಿತು. ಪ್ರಶ್ನೆಗಳ ಕ್ರಮವನ್ನು ತಿರುಗಿಸಿದರೆ ಅಂತರ ಮರಳಿತು. ಬಡಾವಣೆ, ವಯಸ್ಸು, ಆದಾಯ ಯಾವುದೂ ಪ್ರಶ್ನೆಯ ಕ್ರಮದಿಂದ ಬದಲಾಗುವಂಥದ್ದಲ್ಲ. ಆದ್ದರಿಂದ ಟಿವಿ ನೆನಪಿನ ಮೂಲಕ ಅಂದಾಜನ್ನು ನಿಜವಾಗಿಯೂ ಸ್ವಲ್ಪ ಜರುಗಿಸುತ್ತದೆ ಎಂಬುದಕ್ಕೆ, ನನ್ನ ಮಟ್ಟಿಗೆ, ದೊಡ್ಡ ಸಮೀಕ್ಷೆಗಳಿಗಿಂತ ಇದು ಗಟ್ಟಿ ಸಾಕ್ಷ್ಯ. ಆದರೆ ಇಲ್ಲಿ ಜರುಗಿದ್ದು ಅಂದಾಜು ಮಾತ್ರ. ಅಪರಾಧ ಹೆಚ್ಚಿದೆ ಎಂದುಕೊಳ್ಳುವುದೂ ರಾತ್ರಿ ಹೊರಗೆ ಹೋಗಲು ಎದೆ ಝಲ್ಲೆನ್ನುವುದೂ ಒಂದೇ ಅಲ್ಲ.

ಈ ಎರಡರ ನಂಟು ಎಷ್ಟು ಸಡಿಲ ಎಂಬುದು ಗರ್ಬ್ನರ್ ದುಡಿದ ವಿಶ್ವವಿದ್ಯಾಲಯದಿಂದಲೇ, ಅವರು ತೀರಿಕೊಂಡ ಒಂಬತ್ತು ವರ್ಷಗಳ ನಂತರ ತಿಳಿದುಬಂತು. 2014ರಲ್ಲಿ ಪ್ಯಾಟ್ರಿಕ್ ಜೇಮಿಸನ್ ಮತ್ತು ಡೇನಿಯಲ್ ರೋಮರ್ ವ್ಯಕ್ತಿಗಳನ್ನು ಹೋಲಿಸುವುದನ್ನು ಬಿಟ್ಟು ವರ್ಷಗಳನ್ನು ಹೋಲಿಸಿದರು. 1972ರಿಂದ 2010ರವರೆಗೆ ಜನಪ್ರಿಯ ಧಾರಾವಾಹಿಗಳಲ್ಲಿ ಹಿಂಸೆ ವರ್ಷದಿಂದ ವರ್ಷಕ್ಕೆ ಹೇಗೆ ಏರಿಳಿಯಿತು, ಅದರ ಜೊತೆ ಜನರ ಭಯ ಏರಿಳಿಯಿತೇ ಎಂದು ನೋಡಿದರು. ಹೀಗೆ ನೋಡಿದರೆ ಬಡವರು ಹೆಚ್ಚು ಟಿವಿ ನೋಡುತ್ತಾರೆ ಎಂಬ ಹಳೆಯ ತೊಡಕು ಅಡ್ಡ ಬರುವುದಿಲ್ಲ. ದೇಶದ ಅಪರಾಧ ಪ್ರಮಾಣವನ್ನೂ ಲೆಕ್ಕದಲ್ಲಿ ಸರಿದೂಗಿಸಬಹುದು. ಧಾರಾವಾಹಿಗಳಲ್ಲಿ ಹಿಂಸೆ ಹೆಚ್ಚಾದ ವರ್ಷಗಳಲ್ಲಿ ಅಪರಾಧದ ಭಯವೂ ಹೆಚ್ಚಿತ್ತು. ಆದರೆ ತಮ್ಮ ಊರಿನಲ್ಲಿ ಅಪರಾಧ ಹೆಚ್ಚಾಗಿದೆಯೇ ಎಂಬ ಜನರ ಅಂದಾಜು ಧಾರಾವಾಹಿಗಳ ಹಿಂಸೆಯೊಂದಿಗೆ ಕದಲಲಿಲ್ಲ. ಅದು ನಿಜವಾದ ಅಪರಾಧ ಪ್ರಮಾಣವನ್ನೇ ಹಿಂಬಾಲಿಸಿತು. ಅಂದರೆ ಲೋಕ ಕೆಟ್ಟಿದೆ ಎಂದು ನಂಬದೆಯೂ ಜನ ಕಥೆ ನೋಡಿ ಹೆದರಿದ್ದರು. ವರ್ಷಕ್ಕೊಂದರಂತೆ ಮೂವತ್ತೊಂಬತ್ತು ಅಂಕಿಗಳಿಂದ ಇಷ್ಟು ದೊಡ್ಡ ಮಾತು ಹೇಳಬಹುದೇ, ಆ ವರ್ಷಗಳಲ್ಲಿ ಹೆದರಿದವರು ಆ ಧಾರಾವಾಹಿಗಳನ್ನು ನೋಡಿದವರೇ ಹೌದೇ ಎಂಬ ಪ್ರಶ್ನೆಗಳು ಈ ಅಧ್ಯಯನಕ್ಕೂ ತಪ್ಪಿದ್ದಲ್ಲ.